ಶುಗರ್ ಪುಡಿ ಫಾರ್ವರ್ಡ್ ಮಾಡುವ ಮಾವನಿಗೆ ಏನಂತ ಬರೆಯೋದು?

"ಹದಿನೈದು ದಿನದಲ್ಲಿ ಶುಗರ್ ಮಾಯ" ಅನ್ನೋ ಫಾರ್ವರ್ಡಿಗೆ ಫ್ಯಾಮಿಲಿ ಗ್ರೂಪಲ್ಲೇ ಉತ್ತರ ಕೊಡಬೇಡಿ. ಎಲ್ಲರೆದುರು ಹೇಳಿದರೆ ದೊಡ್ಡವರು ಹಟಕ್ಕೆ ಬೀಳುತ್ತಾರೆ. ನಾನು ಮಾವನಿಗೆ ಬೇರೆಯಾಗಿ ಕಳಿಸಿದ್ದು ಇದು:

"ಮಾವ, ನೀವು ಹಾಕಿದ ಡಬ್ಬಿ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರ ಮೇಲಿರೋ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಆಹಾರ ಮಾರೋ ಲೈಸೆನ್ಸ್ ಅಷ್ಟೇ. ಕಾಯಿಲೆ ವಾಸಿಯಾಗುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಶುಗರ್ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡೋದಕ್ಕೇ 1954ರ ಕಾಯ್ದೆಯಲ್ಲಿ ನಿಷೇಧ ಇದೆ. ಅತ್ತೆ ಇದನ್ನು ನಂಬಿ ಮಾತ್ರೆ ಬಿಟ್ಟುಬಿಟ್ಟರೆ ಅಂತ ನನಗೆ ಭಯ. ಡಬ್ಬಿ ತರಿಸಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಮಾವ "ಆಯ್ತಪ್ಪ" ಅಂದರು. ಮಾರನೇ ದಿನ ಮಂಡಿನೋವಿನ ಎಣ್ಣೆ ಬಂತು ಅನ್ನೋದು ಬೇರೆ ಮಾತು.