ಜತ್ತಿನ ಬಿಸಿಲಿಗೆ ಕಾರ್ಕೋ, ಕ್ಯಾಪೋ? ಶಿರಾಜ್ ಇಟ್ಟು ನೋಡಿದ ಅನುಭವ

ಕೆಂಪು ವೈನ್ ವರ್ಷಗಟ್ಟಲೆ ಇಡಬೇಕಾದರೆ ಕಾರ್ಕೇ ಬೇಕು, ಸ್ಕ್ರೂ ಕ್ಯಾಪ್ ಏನಿದ್ದರೂ ಅಗ್ಗದ ಮಾಲಿಗೆ ಎಂದು ಪಲೂಸಿನ ವೈನರಿಯವರೂ ಹೇಳಿದರು, ಸೊಲ್ಲಾಪುರದ ವ್ಯಾಪಾರಿಗಳೂ ಹೇಳಿದರು. ಒಂದೇ ಟ್ಯಾಂಕಿನ ಶಿರಾಜ್ ತುಂಬಿ ಕಾರ್ಕ್, ಸಿಂಥೆಟಿಕ್ ಕಾರ್ಕ್, ಸ್ಕ್ರೂ ಕ್ಯಾಪ್ ಮೂರೂ ಬಗೆಯ ಮುಚ್ಚಳ ಹಾಕಿ ಐದಾರು ವರ್ಷ ಇಟ್ಟೆ. ಈಗ ಅವರೇ ಕ್ಯಾಪಿನ ಬಾಟಲಿ ಕೇಳಿ ಒಯ್ಯುತ್ತಾರೆ.

ನಮ್ಮ ಕಡೆ ಕಾರ್ಕ್ ಸೋಲುವುದು ಮೇ ತಿಂಗಳಿಗೆ. 20 ಡಿಗ್ರಿಯಲ್ಲಿ ತುಂಬಿದ 750 ಮಿಲಿ ವೈನ್ 40 ಡಿಗ್ರಿಗೆ ಏರಿದರೆ ಸುಮಾರು ನಾಲ್ಕೂವರೆ ಮಿಲಿ ಹಿಗ್ಗುತ್ತದೆ. ಹದಿನೆಂಟೂವರೆ ಮಿಲಿಮೀಟರ್ ಕತ್ತಿನಲ್ಲಿ ಅದು ಹತ್ತಿರ ಹತ್ತಿರ 17 ಮಿಲಿಮೀಟರ್ ಏರಿಕೆ. ಕಾರ್ಕಿನ ಕೆಳಗೆ ನಾವು ಬಿಡುವ ಜಾಗವೇ ಅಷ್ಟು. ಆಮೇಲೆ ಕಾರ್ಕ್ ಮೇಲೇಳುತ್ತದೆ ಇಲ್ಲವೇ ಪಕ್ಕದಿಂದ ವೈನ್ ಜಿನುಗುತ್ತದೆ. ರಾತ್ರಿ ತಣಿದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ. ಮೇಣ ಹಚ್ಚಿಯೂ ನೋಡಿದೆ, ಮೇಣವೇ ಬಿರಿಯಿತು. ಗೋಡೌನಿಗೆ ವರ್ಷವಿಡೀ ಏಸಿ ಹಾಕುವ ತಾಕತ್ತಿದ್ದರೆ ಕಾರ್ಕ್ ಇಡಿ. ಆಗಲೂ ಅಲ್ಲೊಂದು ಇಲ್ಲೊಂದು ಬಾಟಲಿ ಕಾರ್ಕಿನಿಂದ ಬರುವ ಟಿಸಿಎ ಎಂಬ ರಾಸಾಯನಿಕ ಹಿಡಿದು ಒದ್ದೆ ರಟ್ಟಿನ ವಾಸನೆ ಬಂದೇ ಬರುತ್ತದೆ.

ಸಿಂಥೆಟಿಕ್ ಕಾರ್ಕಿಗೆ ಆ ವಾಸನೆ ಇಲ್ಲ, ಆದರೆ ಪ್ಲಾಸ್ಟಿಕ್ಕಿನ ಮೂಲಕವೇ ಗಾಳಿ ನುಸುಳುತ್ತದೆ. ನಾನು ತಂದ ಮಾಲಿನಲ್ಲಿ ಎರಡನೇ ವರ್ಷಕ್ಕೆ ವೈನ್ ಕೆಡದಂತೆ ಕಾಯುವ ಫ್ರೀ ಸಲ್ಫರ್ ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿನಿಂದ 10ರ ಕೆಳಗೆ ಇಳಿದಿತ್ತು, ಬಣ್ಣ ಇಟ್ಟಿಗೆಯಾಗಿತ್ತು. 1999ರಲ್ಲಿ ಆಸ್ಟ್ರೇಲಿಯಾದವರು ಕ್ಲೇರ್ ವ್ಯಾಲಿಯ ಸೆಮಿಲಾನ್ ಬಿಳಿ ವೈನ್ ಮೇಲೆ ಶುರು ಮಾಡಿದ ಪರೀಕ್ಷೆಯಲ್ಲೂ ಸಿಂಥೆಟಿಕ್ಕೇ ಬೇಗ ಸೋತದ್ದು. ವರ್ಷದೊಳಗೆ ಖರ್ಚಾಗುವ ಮಾಲಿಗೆ ಸಾಕು.

ಅದೇ ಪರೀಕ್ಷೆಯಲ್ಲಿ ಕ್ಯಾಪಿನ ವೈನಿಗೆ ರಬ್ಬರ್ ವಾಸನೆ ಕಾಣಿಸಿತ್ತು. ಕ್ಯಾಪ್ ಅದನ್ನು ಹುಟ್ಟಿಸುವುದಿಲ್ಲ. ವೈನಿನಲ್ಲಿ ಉಳಿದ ಸಲ್ಫೈಡ್ ಗಾಳಿ ಸಿಗದೆ ಎದ್ದು ಕಾಣುತ್ತದೆ. ಹಾಗಾಗಿ ಬಾಟಲಿಂಗಿಗೆ ಮುಂಚೆಯೇ ಎರಡು ಲೋಟ ಇಟ್ಟು ಒಂದಕ್ಕೆ ಕಾಪರ್ ಸಲ್ಫೇಟ್ ದ್ರಾವಣದ ಹನಿ ಹಾಕಿ ಮೂಸುತ್ತೇನೆ. ಅದನ್ನು ಕುಡಿಯಬಾರದು. ವಾಸನೆ ಹೋದರೆ ಟ್ಯಾಂಕಿಗೂ ತಾಮ್ರ, ಆದರೆ ಬೆಂಚ್ ಟ್ರಯಲ್‌ನಲ್ಲಿ ಸಾಕಾದ ಅತಿ ಕಡಿಮೆ ಪ್ರಮಾಣ ಮಾತ್ರ. ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿ ಉಳಿದರೆ ವೈನ್ ಮಬ್ಬಾಗುವ ಭಯ. ಹನಿಗೂ ಬಗ್ಗದಿದ್ದರೆ ಅದು ತಾಮ್ರಕ್ಕೆ ನೇರವಾಗಿ ಸಿಗದ ಡೈಸಲ್ಫೈಡ್ ಇರಬಹುದು. ಮೊದಲು ಆಸ್ಕಾರ್ಬಿಕ್ ಆಸಿಡ್, ಕೆಲವು ದಿನ ಬಿಟ್ಟು ತಾಮ್ರ. ತಾಮ್ರದ ಗೊಡವೆಯೇ ಬೇಡವಾಗುವಂತೆ ಲೀಸ್, ಅಂದರೆ ತಳಕ್ಕೆ ಇಳಿದ ಯೀಸ್ಟ್ ಗಸಿಯ ಜೊತೆ ನಾನು ಮಾಡುವ ಕೆಲಸ ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕ್ಯಾಪಿನ ಒಳಗೆ ಕೂರುವ ಲೈನರ್ ಎರಡು ಬಗೆ. ತವರದ ಹಾಳೆ ಇರುವುದು ಗಾಳಿಯನ್ನು ಬಹುಪಾಲು ತಡೆಯುತ್ತದೆ, ಬಿಳಿ ವೈನಿಗೆ ಸರಿ. ಶಿರಾಜ್‌ಗೆ ತವರವಿಲ್ಲದ, ಸಾರಾನೆಕ್ಸ್ ಎಂಬ ಪ್ಲಾಸ್ಟಿಕ್ ಲೈನರ್ ಹಾಕಿದೆ. ಚೂರು ಗಾಳಿ ಆಡಿ ಟ್ಯಾನಿನ್ ಮೆತ್ತಗಾಗುತ್ತದೆ. ಒಳ್ಳೆಯ ಒಂದು ಕಾರ್ಕಿನ ದುಡ್ಡಿಗೆ ಎರಡು ಮೂರು ಕ್ಯಾಪ್ ಬರುತ್ತವೆ, ಆದರೆ ಬಾಟಲಿಯೇ ಬೇರೆ ಕೊಳ್ಳಬೇಕು, ಕ್ಯಾಪ್ ಬಿಗಿಯುವ ಮಷಿನ್ ಹೆಡ್ಡಿನ ಖರ್ಚು ಬೇರೆ. ಹೆಡ್ಡಿನ ಒತ್ತಡ ಕಡಿಮೆಯಾದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ಒಂದು ಕ್ಯಾಪ್ ತೆಗೆದು ಲೈನರ್ ಮೇಲೆ ಬಾಟಲಿ ಬಾಯಿಯ ಗುರುತು ನೋಡಿ: ಸುತ್ತಲೂ ಒಂದೇ ಆಳದಲ್ಲಿ ಮೂಡಿರಬೇಕು. ಒಂದು ಕಡೆ ಮಾಸಿದ್ದರೆ ಲೈನ್ ನಿಲ್ಲಿಸಿ, ಹಿಂದಿನ ಗಂಟೆಯ ಮಾಲನ್ನೆಲ್ಲ ಬೇರೆ ಇಡಿ.