ಪಟ್ಟಿಯ ಕೊನೆಯ ಪದಕ್ಕೆ ಬೆರಳು ಅಡ್ಡ ಇಟ್ಟೆ, ಪೇಪರ್ ಕ್ಲಿಯರ್ ಆಯ್ತು

ಲಾ ಕೋರ್ಸಿನ ಶಾಸನಗಳ ಅರ್ಥವಿವರಣೆ ಪೇಪರಿನಲ್ಲಿ ಎರಡು ಸಲ ಬ್ಯಾಕ್ ಉಳಿಸಿಕೊಂಡವನು ನಾನು. ಗೈಡು, ಟ್ಯೂಷನ್, ಸಪ್ಲಿಮೆಂಟರಿ ಫೀಸು ಅಂತ ಏಳೆಂಟು ಸಾವಿರ ಕರಗಿತು. ಮೂರನೇ ಸಲ ಪ್ರಾಬ್ಲಮ್ ಪ್ರಶ್ನೆಗೆ ಹತ್ತಕ್ಕೆ ಎಂಟೋ ಒಂಬತ್ತೋ ಬಂತು. ನನ್ನ ವಿಧಾನ ಕೇಳಿ "ಪರೀಕ್ಷೆ ಹಾಲ್‌ನಲ್ಲಿ ಬೆರಳಾಟ ಆಡ್ತಾ ಕೂತರೆ ಟೈಮ್ ಸಾಲಲ್ಲ ಕಣೋ" ಅಂತ ನಕ್ಕಿದ್ದ ಸೀನಿಯರ್ ಈಗ ತಮ್ಮ ಜೂನಿಯರ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲೆರಡು ಸಲ ಮಾಡಿದ ತಪ್ಪು ಒಂದೇ. ಪಟ್ಟಿಯ ಬಾಲದಲ್ಲಿ "ಅಥವಾ ಇತರ" ಕಂಡರೆ ಸಾಕು, ಎಜುಸ್ಡೆಮ್ ಜೆನೆರಿಸ್, ಅಂದರೆ "ಇತರ"ಕ್ಕೆ ಅದರ ಹಿಂದಿನ ಪದಗಳ ಜಾತಿಯದೇ ಅರ್ಥ ಅನ್ನೋ ಸೂತ್ರ, ಅಂತ ಬರೆದು ಕೇಸಿನ ಹೆಸರು ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಯಾವ ಜೆನಸ್, ಯಾವ ವರ್ಗ ಅಂತ ಒಂದು ಸಾಲೂ ಬರೆದಿರಲಿಲ್ಲ.

ಈಗ ಮಾಡೋದು ಹೀಗೆ. ಪ್ರಶ್ನೆಯ ಕಥೆ ಓದುವ ಮೊದಲು ಸೆಕ್ಷನ್ ಮಾತ್ರ ನೋಡುತ್ತೇನೆ. "ಇತರ" ಅನ್ನೋ ಪದದ ಮೇಲೆ ಬೆರಳಿಟ್ಟು, ಉಳಿದ ಪದಗಳಿಗೆಲ್ಲ ಒಪ್ಪುವ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಕಥೆ ಮೊದಲು ಓದಿದರೆ ಕಕ್ಷಿದಾರ ಗೆಲ್ಲುವ ಹಾಗೆ ವರ್ಗ ತಾನಾಗೇ ಹಿಗ್ಗುತ್ತೆ, ಇಲ್ಲ ಕುಗ್ಗುತ್ತೆ. ಹೆಸರು ಬರೆದ ಮೇಲೆ ಅದೇ ವರ್ಗದ, ಪಟ್ಟಿಯಲ್ಲಿಲ್ಲದ ಒಂದು ವಸ್ತುವನ್ನು ನಾನೇ ಹುಡುಕುತ್ತೇನೆ. ಸಿಗಲಿಲ್ಲವೋ, ಪಟ್ಟಿಯೇ ವರ್ಗವನ್ನು ಮುಗಿಸಿಬಿಟ್ಟಿದೆ, ಸೂತ್ರ ಹತ್ತಲ್ಲ. ಒಂದು ಪದ ಹೊರಗೆ ಜಿಗಿದರೆ ವರ್ಗವೇ ಇಲ್ಲ, ಆಗಲೂ ಹತ್ತಲ್ಲ.

1989ರ ಸಿದ್ಧೇಶ್ವರಿ ಕಾಟನ್ ಮಿಲ್ಸ್ ಕೇಸನ್ನೇ ತಗೊಳ್ಳಿ. ಅಬಕಾರಿ ಕಾನೂನಿನಲ್ಲಿ ಬ್ಲೀಚಿಂಗ್, ಮರ್ಸರೈಸಿಂಗ್, ಡೈಯಿಂಗ್, ಪ್ರಿಂಟಿಂಗ್, ವಾಟರ್‌ಪ್ರೂಫಿಂಗ್ ಅಂತ ಎಂಟು ಕೆಲಸ ಹೆಸರಿಸಿ ಕೊನೆಗೆ "ಬೇರೆ ಯಾವುದೇ ಪ್ರಕ್ರಿಯೆ" ಅಂತಿತ್ತು. ಬಟ್ಟೆಯನ್ನು ರೋಲರ್ ನಡುವೆ ಹಾಯಿಸಿ ನಯ ಮಾಡೋ ಕ್ಯಾಲೆಂಡರಿಂಗ್ ಅದರೊಳಗೆ ಬರುತ್ತಾ ಅನ್ನೋದು ಜಗಳ. "ಬಟ್ಟೆಗೆ ಮಾಡುವ ಕೆಲಸ" ಅಂತ ವರ್ಗ ಹೇಳಿದರೆ ಇಸ್ತ್ರಿಯೂ ಬರುತ್ತೆ, ಎಂಟು ಹೆಸರು ಬರೆದದ್ದು ದಂಡ. ಎಂಟಕ್ಕೂ ಸಾಮಾನ್ಯವಾಗಿರೋದು ಬಟ್ಟೆಯಲ್ಲಿ ಬಾಳಿಕೆ ಬರೋ ಬದಲಾವಣೆ. ಸುಪ್ರೀಂ ಕೋರ್ಟ್ ಹಿಡಿದದ್ದೂ ಅದನ್ನೇ. ನಾಲ್ಕು ದಿನಕ್ಕೆ ಹೋಗೋ ನಯ ಆ ಪಂಕ್ತಿಯಲ್ಲಿ ಕೂರಲ್ಲ. ಪಟ್ಟಿಯ ಪದಗಳಿಗೂ ಕೆಲಸ ಉಳಿಯಬೇಕು, "ಇತರ"ಕ್ಕೂ ಕೆಲಸ ಉಳಿಯಬೇಕು. ವರ್ಗದ ಅಗಲ ಅಳೆಯೋಕೆ ನನ್ನ ಹತ್ತಿರ ಇನ್ನೂ ಒಂದು ಗುರುತಿದೆ, ಅದು ಸದ್ಯಕ್ಕೆ ಟ್ಯೂಷನ್ ಹುಡುಗರಿಗೆ ಮಾತ್ರ.

ಬಾಲವೇ ಇಲ್ಲದ ಪಟ್ಟಿ ಬಂದರೆ ಬೆರಳಿಗೆ ಕೆಲಸವಿಲ್ಲ. ಅಲ್ಲಿ ಬೇಕಾದ್ದು ನೊಸ್ಕಿಟರ್ ಎ ಸೋಷಿಯಿಸ್, ಅಂದರೆ ಸಹವಾಸ ನೋಡಿ ಪದದ ಅರ್ಥ ಹಿಡಿಯೋದು. ಮೈಸೂರಿನವನಾದ ನನಗೆ 1997ರ ಪ್ರದೀಪ್ ಅಗರ್‌ಬತ್ತಿ ಕೇಸು ಅಚ್ಚುಮೆಚ್ಚು. ಪಂಜಾಬಿನ ಮಾರಾಟ ತೆರಿಗೆ ಪಟ್ಟಿಯಲ್ಲಿ ಕಾಸ್ಮೆಟಿಕ್ಸ್, ಪರ್ಫ್ಯೂಮರಿ, ಟಾಯ್ಲೆಟ್ ಗೂಡ್ಸ್ ಅಂತ ಒಟ್ಟಿಗೆ ಇತ್ತು. ಊದುಬತ್ತಿ ಘಮಘಮ ಅನ್ನುತ್ತೆ, ಹಾಗಂತ ಪರ್ಫ್ಯೂಮರಿಯಾ? ಎಡಬಲದ ಎರಡೂ ಮೈಗೆ ಹಚ್ಚೋ ಸಾಮಾನು. ಆದ್ದರಿಂದ ನಡುವಿನ ಪದವೂ ಮೈಗೆ ಬಳಸೋ ಸುಗಂಧವಷ್ಟೇ, ಊದುಬತ್ತಿ ಧೂಪ ಆಚೆಗೆ, ಅಂತ ಕೋರ್ಟ್ ಹೇಳಿತು.

ಎರಡನೇ ಸಲ ನನ್ನನ್ನು ಮುಳುಗಿಸಿದ್ದು 1957ರ ಲೀಲಾವತಿ ಬಾಯಿ ಕೇಸಿನ ಮಾದರಿಯ ಪ್ರಶ್ನೆ. ಖಾಲಿ ಮನೆಗಳನ್ನು ಸರ್ಕಾರ ವಶಕ್ಕೆ ತಗೊಳ್ಳೋ ಬಾಂಬೆ ಕಾನೂನಿನಲ್ಲಿ ಮನೆ ಖಾಲಿಯಾಗೋ ರೀತಿಗಳನ್ನು ಎಣಿಸಿ "ಅಥವಾ ಅನ್ಯಥಾ" ಅಂತ ಮುಗಿಸಿದ್ದರು. ನಾನು ಉತ್ಸಾಹದಿಂದ ಕುಗ್ಗಿಸಿ ಬರೆದೆ. ಆದರೆ ಹೇಗೆ ಖಾಲಿಯಾದರೂ ಮನೆ ಸರ್ಕಾರಕ್ಕೆ ಸಿಗಲಿ ಅನ್ನೋದೇ ಆ ಕಾನೂನಿನ ಉದ್ದೇಶ. ಹಾಗಾಗಿ ಕೋರ್ಟ್ ಸೂತ್ರವನ್ನು ಪಕ್ಕಕ್ಕಿಟ್ಟಿತ್ತು. ಅಲ್ಲಿಂದಾಚೆಗೆ ಉತ್ತರದ ಕೊನೆಗೆ "ಪದವನ್ನು ಕುಗ್ಗಿಸಿದರೆ ಕಾನೂನಿನ ಉದ್ದೇಶವೇ ಸೋರಿಹೋಗುತ್ತಾ?" ಅಂತ ಕೇಳಿಕೊಂಡು ಎರಡು ಸಾಲು ಬರೆಯುತ್ತೇನೆ. ನನ್ನ ಲೆಕ್ಕದಲ್ಲಿ ಎರಡು ಮಾರ್ಕು ಅಲ್ಲೇ ಇದೆ.

ವಿಧಾನವನ್ನು ನಾನಿರೋ ಪಿಜಿಯಲ್ಲೂ ಪ್ರಯೋಗಿಸಿದೆ. ಗೋಡೆ ಮೇಲೆ "ಹೀಟರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಮತ್ತು ಇತರ ಉಪಕರಣ ಬಳಸುವಂತಿಲ್ಲ" ಅಂತ ಬೋರ್ಡಿತ್ತು. ನನ್ನ ಟೇಬಲ್ ಫ್ಯಾನಿಗೆ ಮಾಲೀಕರು ಐನೂರು ದಂಡ ಹಾಕಿದರು. "ಅಂಕಲ್, ಇವು ಮೂರೂ ಕಾಯಿಸೋ ಸಾಮಾನು, ಕರೆಂಟ್ ಎಳೆಯೋವು. ಫ್ಯಾನು ಆ ಜಾತಿಯಲ್ಲ. ಹೇರ್ ಡ್ರೈಯರ್ ಆಗಿದ್ದರೆ ನಾನೇ ದುಡ್ಡು ಕೊಡ್ತಿದ್ದೆ" ಅಂದೆ. ಅರ್ಧ ಗಂಟೆ ವಾದ ಆದಮೇಲೆ ಐನೂರು ವಾಪಸ್ ಬಂತು.

ಮುಂದಿನ ವಾರ ಬೋರ್ಡಿಗೆ ಹೊಸ ಬಣ್ಣ ಬಿದ್ದಿತ್ತು: "ಯಾವುದೇ ವಿದ್ಯುತ್ ಉಪಕರಣ ಬಳಸುವಂತಿಲ್ಲ." ಪಟ್ಟಿಯೇ ಇಲ್ಲದ ಮೇಲೆ ಬೆರಳಿಡೋದೆಲ್ಲಿ? ಫ್ಯಾನನ್ನು ಊರಿಗೆ ಸಾಗಿಸಿದೆ.