ನಿಂತುಹೋದ ಚಿಪ್ಪಿನ ಒಳಗೆ ಎರಡು ತಂತಿಯಲ್ಲಿ ಇಣುಕಿದ್ದು

ಬೋರ್ಡ್ ಹ್ಯಾಂಗ್ ಆದಾಗ ಕೈ ಮೊದಲು ಹೋಗುವುದು ರೀಸೆಟ್ ಬಟನ್ನಿಗೆ, ಅಲ್ವಾ? ನಾನು ಅದನ್ನು ಮುಟ್ಟುವುದಿಲ್ಲ. ರೀಸೆಟ್ ಮಾಡಿದರೆ ಸಿಪಿಯು ಎಲ್ಲಿ ಸಿಕ್ಕಿಕೊಂಡಿತ್ತು ಅನ್ನುವ ಸುಳಿವೇ ಅಳಿಸಿಹೋಗುತ್ತದೆ. ಓಡುತ್ತಿರುವ ಚಿಪ್ಪಿಗೆ ಹಾಗೇ ಪ್ರೋಬ್, ಅಂದರೆ ಚಿಪ್ಪನ್ನು ಕಂಪ್ಯೂಟರಿಗೆ ಜೋಡಿಸುವ ಡೀಬಗ್ ಸಾಧನ, ಹಾಕಿ ನೋಡಬಹುದು.

ಈ ಬೋರ್ಡಿನಲ್ಲಿ ಇದ್ದದ್ದು ಎಸ್‌ಟಿಎಂ32 ಎಫ್4 ಸರಣಿಯ ಚಿಪ್, ಒಳಗೆ ಕಾರ್ಟೆಕ್ಸ್-ಎಂ4. ಜೊತೆಗೆ ಐ2ಸಿ ಅನ್ನುವ ಕ್ಲಾಕ್-ಡೇಟಾ ಎರಡು ತಂತಿಯ ಬಸ್ಸಿನಲ್ಲಿ ಒಂದು ಸೆನ್ಸರ್. ಕೆಲವೊಮ್ಮೆ ರೀಸೆಟ್ ಆಗಿ ಮತ್ತೆ ಶುರುವಾದ ತಕ್ಷಣ ಸುಮ್ನೆ ನಿಂತುಬಿಡುತ್ತಿತ್ತು. ಪ್ರೋಬ್ ಚಿಪ್ಪಿನ ಜೊತೆ ಮಾತಾಡುವ ಪದ್ಧತಿ ಎಸ್‌ಡಬ್ಲ್ಯುಡಿ. ಅದಕ್ಕೆ ಬೇಕಾದದ್ದು SWDIO, SWCLK ಎರಡೇ ತಂತಿ, ಜೊತೆಗೆ ಗ್ರೌಂಡ್. ಅದೇ ಕೆಲಸಕ್ಕಿರುವ ಇನ್ನೊಂದು ಪದ್ಧತಿ ಜೆಟ್ಯಾಗ್ ಆದರೆ ನಾಲ್ಕು ತಂತಿ ಬೇಕು, ಬಿಟ್ ಸಾಗಿಸುವ ರೀತಿಯೂ ಬೇರೆ. ಆದರೆ ಈ ಚಿಪ್ಪಿನಲ್ಲಿ ಎರಡೂ ಕೊನೆಗೆ ತಲುಪುವುದು ಒಂದೇ ಜಾಗಕ್ಕೆ.

ಆ ಜಾಗವೇ ಮುಖ್ಯ. ಪ್ರೋಬ್ ಸಿಪಿಯುವನ್ನು ಏನೂ ಕೇಳುವುದಿಲ್ಲ. ಚಿಪ್ಪಿನೊಳಗೆ ಆಕ್ಸೆಸ್ ಪೋರ್ಟ್ ಅಂತ ಒಂದು ಪ್ರತ್ಯೇಕ ಸರ್ಕ್ಯೂಟ್ ಇದೆ, ಮೆಮೊರಿ ಬಸ್ಸಿಗೆ ಅದು ತಾನೇ ಹೋಗುತ್ತದೆ. ಮನೆಯವರು ನಿದ್ದೆಯಲ್ಲಿದ್ದರೂ ಹಿತ್ತಿಲ ಬಾಗಿಲಿಂದ ಒಳಗೆ ಹೋದ ಹಾಗೆ. ಪ್ರೋಬ್ ಮೊದಲು TAR ಅನ್ನುವ ರಿಜಿಸ್ಟರಿಗೆ ವಿಳಾಸ ಬರೆಯುತ್ತದೆ, ಆಮೇಲೆ DRW ಮೂಲಕ ಆ ವಿಳಾಸದಲ್ಲಿರುವುದನ್ನು ಓದುತ್ತದೆ ಅಥವಾ ಬರೆಯುತ್ತದೆ. ತಂತಿಯ ಮೇಲೆ ಪ್ರತಿ ಸಲ 8 ಬಿಟ್ ಕೋರಿಕೆ, ಚಿಪ್ಪಿನಿಂದ 3 ಬಿಟ್ ಉತ್ತರ, ನಂತರ 32 ಬಿಟ್ ಡೇಟಾ, ಒಂದು ಪ್ಯಾರಿಟಿ ಬಿಟ್. ಅಷ್ಟೇ.

ಹಾಗಾದರೆ ಸಿಪಿಯುವನ್ನು ನಿಲ್ಲಿಸುವುದು ಹೇಗೆ? ಅದಕ್ಕೆ ಬೇರೆ ತಂತಿಯಿಲ್ಲ. DHCSR ಅನ್ನುವ ರಿಜಿಸ್ಟರ್ 0xE000EDF0 ವಿಳಾಸದಲ್ಲಿದೆ, ಅಲ್ಲಿಗೆ ಒಂದು ಸಂಖ್ಯೆ ಬರೆದರೆ ಆಯಿತು. ಪ್ರೋಬನ್ನು ನಡೆಸುವ ತಂತ್ರಾಂಶ ಓಪನ್‌ಒಸಿಡಿಯ `halt` ಒಳಗೆ ಮಾಡುವ ಕೆಲಸ ಇದೇ. ಕಣ್ಣಾರೆ ನೋಡೋಣ ಅಂತ ನಾನು ಕೈಯಲ್ಲೇ ಬರೆದೆ. ಇಲ್ಲಿ `mww` ಅಂದರೆ ವಿಳಾಸಕ್ಕೆ ಬರೆ, `mdw` ಅಂದರೆ ಓದು:

```
mww 0xE000EDF0 0xA05F0003
mdw 0xE000EDF0
0xe000edf0: 00030003
```

ಮೊದಲ ಅರ್ಧ A05F ಒಂದು ಕೀಲಿ. ಅದಿಲ್ಲದೆ ಬರೆದದ್ದನ್ನು ಚಿಪ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊನೆಯ 3 ಅಂದರೆ ಡೀಬಗ್ ಆನ್, ಮತ್ತೆ ನಿಲ್ಲು. ತಿರುಗಿ ಓದಿದಾಗ 17ನೇ ಬಿಟ್ 1 ಆಗಿದ್ದರೆ ಸಿಪಿಯು ನಿಜವಾಗಿ ನಿಂತಿದೆ ಅಂತ.

ಪಿಸಿ, ಅಂದರೆ ಪ್ರೋಗ್ರಾಂ ಕೌಂಟರ್, ಮೆಮೊರಿಯಲ್ಲಿಲ್ಲ, ಸಿಪಿಯು ಒಳಗಿದೆ. ಅದಕ್ಕೊಂದು ಕಿಟಕಿ ಕೊಟ್ಟಿದ್ದಾರೆ. ಯಾವ ರಿಜಿಸ್ಟರ್ ಬೇಕೋ ಅದರ ಸಂಖ್ಯೆಯನ್ನು ಒಂದು ಕಡೆ ಬರೆದು, ಪಕ್ಕದ ವಿಳಾಸದಲ್ಲಿ ಉತ್ತರ ಓದಬೇಕು. ಪಿಸಿಯ ಸಂಖ್ಯೆ 15:

```
mww 0xE000EDF4 15
mdw 0xE000EDF8
0xe000edf8: 08001a3c
```

ಈ ವಿಳಾಸವನ್ನು `arm-none-eabi-addr2line`ಗೆ ಕೊಟ್ಟಾಗ ಐ2ಸಿ ಕೋಡಿನ ಒಂದು `while` ಸಾಲು ಸಿಕ್ಕಿತು. `step` ಕೊಡುತ್ತಾ ಹೋದರೆ ಪಿಸಿ ಅಲ್ಲಲ್ಲೇ ಸುತ್ತುತ್ತಿತ್ತು. ಬಸ್ ಖಾಲಿಯಾಗಲಿ ಅಂತ ಟೈಮ್‌ಔಟ್ ಇಲ್ಲದೆ ಕಾಯುವ ಲೂಪ್ ಅದು.

ಇನ್ನು ಐ2ಸಿ ಬಸ್ಸಿನ ಸ್ಥಿತಿ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಪ್ರೋಬ್ ಓದುವುದೂ ನಿಜವಾದ ಓದೇ, ಅದಕ್ಕೂ ಪರಿಣಾಮ ಉಂಟು. ಈ ಚಿಪ್ಪಿನಲ್ಲಿ ಐ2ಸಿಯ ಸ್ಥಿತಿ ಹೇಳುವ ರಿಜಿಸ್ಟರ್ SR1 ಓದಿ ಆಮೇಲೆ SR2 ಓದಿದರೆ ADDR ಬಿಟ್ ಅಳಿಸಿಹೋಗುತ್ತದೆ. ಡೀಬಗರಿನಲ್ಲಿ ಪೆರಿಫೆರಲ್ ವಿಂಡೋ ತೆರೆದಿಟ್ಟರೆ ಅದು ನಮಗೆ ಗೊತ್ತಿಲ್ಲದೆ ಎರಡನ್ನೂ ಓದಿಬಿಡಬಹುದು. ಹಾಗಾಗಿ SR2 ಒಂದನ್ನೇ, ಜೊತೆಗೆ ಬಿ ಪೋರ್ಟಿನ ಪಿನ್‌ಗಳನ್ನು ಓದಿದೆ:

```
mdw 0x40005418
0x40005418: 00000002
mdw 0x40020410
0x40020410: 00000050
```

ಮೊದಲನೆಯದರಲ್ಲಿ BUSY ಬಿಟ್ ಮಾತ್ರ ಇದೆ. ನಮ್ಮ ಚಿಪ್ ಏನೂ ಕಳಿಸುತ್ತಿಲ್ಲ, ಆದರೂ ಬಸ್ ಬಿಡುವಿಲ್ಲ ಅನ್ನುತ್ತಿದೆ. ಎರಡನೆಯದರಲ್ಲಿ 6ನೇ ಬಿಟ್, ಅಂದರೆ ಕ್ಲಾಕ್ ತಂತಿ, 1. ಆದರೆ 7ನೇ ಬಿಟ್, ಅಂದರೆ ಡೇಟಾ ತಂತಿ, 0. ಅದನ್ನು ಕೆಳಗೆ ಎಳೆದು ಹಿಡಿದಿರುವುದು ಸೆನ್ಸರ್. ಅದು 0 ಕಳಿಸುತ್ತಿದ್ದಾಗ ನಮ್ಮ ಚಿಪ್ ರೀಸೆಟ್ ಆಗಿದೆ, ಕರೆಂಟ್ ಹೋಗದ ಸೆನ್ಸರ್ ಮುಂದಿನ ಕ್ಲಾಕಿಗೆ ಇನ್ನೂ ಕಾಯುತ್ತಿದೆ. ಕೆಲವೊಮ್ಮೆ ಮಾತ್ರ ಯಾಕೆ ಹೀಗಾಗುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಒಂದು ವಿಷಯ ಗಮನದಲ್ಲಿರಲಿ. ಸಿಪಿಯು ನಿಂತರೂ ಚಿಪ್ಪಿನ ಉಳಿದ ಭಾಗ ನಿಲ್ಲುವುದಿಲ್ಲ. ಟೈಮರ್, ಡಿಎಂಎ ಓಡುತ್ತಲೇ ಇರುತ್ತವೆ. ಪ್ರೋಗ್ರಾಂ ಸಿಕ್ಕಿಕೊಂಡರೆ ರೀಸೆಟ್ ಮಾಡುವ ವಾಚ್‌ಡಾಗ್ ಆನ್ ಇದ್ದರೆ ನೀವು ನೋಡುತ್ತಿರುವಾಗಲೇ ಚಿಪ್ ರೀಸೆಟ್ ಆಗಬಹುದು. ನಿಂತಾಗ ಅದನ್ನೂ ತಡೆಹಿಡಿಯುವ ಬಿಟ್‌ಗಳು 0xE0042008ರಲ್ಲಿವೆ. ಓಪನ್‌ಒಸಿಡಿಯ `stm32f4x.cfg` ಅವನ್ನು ತಾನೇ ಹಾಕುತ್ತದೆ, ಬೇರೆ ಟೂಲ್ ಆದರೆ ಪರೀಕ್ಷಿಸಿಕೊಳ್ಳಿ. ಇನ್ನು ಒಳಗಿನ ಕೋಡನ್ನು ಹೊರಗಿನವರು ಓದದಂತೆ ತಡೆಯುವ ರೀಡ್‌ಔಟ್ ಪ್ರೊಟೆಕ್ಷನ್ 2ನೇ ಹಂತಕ್ಕೆ ಹಾಕಿದ ಚಿಪ್ಪಿನಲ್ಲಿ ಡೀಬಗ್ ದಾರಿ ಶಾಶ್ವತವಾಗಿ ಮುಚ್ಚಿರುತ್ತದೆ.

ಐ2ಸಿ ಶುರು ಮಾಡುವ ಮುಂಚೆ ಕ್ಲಾಕ್ ಪಿನ್ನನ್ನು ಸಾದಾ ಔಟ್‌ಪುಟ್ ಮಾಡಿ 9 ಸಲ ಮೇಲೆ ಕೆಳಗೆ ಆಡಿಸಿ, ಕೊನೆಗೆ ಒಂದು ಸ್ಟಾಪ್ ಕೊಡುವ ಕೋಡ್ ಸೇರಿಸಿದೆ. ಲೂಪಿಗೆ ಟೈಮ್‌ಔಟ್ ಕೂಡ ಹಾಕಿದೆ. ಆಮೇಲೆ ಸಿಪಿಯುವನ್ನು ನಿಲ್ಲಿಸದೆಯೇ, ಅದು ಓಡುತ್ತಿರುವಾಗಲೇ ಪಿನ್ ಓದಿದೆ. ಐ2ಸಿ ಮಾತುಕತೆ ನಡೆಯದಿದ್ದಾಗ 000000d0 ಬಂತು, ಅಂದರೆ 7ನೇ ಬಿಟ್ ಈಗ 1.